ಮೊದಲ ಕವರ್ ಲೆಟರ್: ಮೂರೇ ಪ್ಯಾರಾ ಸಾಕು

ಶಾಲೆಯಲ್ಲಿ ರಜೆ ಚೀಟಿ ಬರೆದಿದ್ದೀರಲ್ಲ? ಹಾಗಾದರೆ ಕವರ್ ಲೆಟರಿನ, ಅಂದರೆ ಕೆಲಸ ಕೇಳಿ ಅಂಗಡಿಗೋ ಆಫೀಸಿಗೋ ಕೊಡುವ ಪತ್ರದ, ಚೌಕಟ್ಟು ನಿಮಗೆ ಆಗಲೇ ಗೊತ್ತು. ಇವರಿಂದ, ಇವರಿಗೆ, ಮಾನ್ಯರೇ, ವಿಷಯ. ಇದರಲ್ಲಿ ಏನೂ ಬದಲಾಗುವುದಿಲ್ಲ. ಬದಲಾಗಬೇಕಾದ್ದು ಒಳಗಿನ ಮಾತು. ರಜೆ ಚೀಟಿಯಲ್ಲಿ ನಾವು ಬೇಡಿಕೊಳ್ಳುತ್ತೇವೆ, ‘ದಯಮಾಡಿ’ ಎಂದು ಎರಡು ಸಲ ಬರೆದು ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಮುಗಿಸುತ್ತೇವೆ. ಅಂಗಡಿ ಮಾಲಕರಿಗೆ ಅದು ಬೇಕಿಲ್ಲ. ಅವರಿಗೆ ಮೂರು ವಿಷಯ ತಿಳಿದರೆ ಸಾಕು: ಯಾವ ಕೆಲಸಕ್ಕೆ ಬಂದಿದ್ದೀರಿ, ನಿಮಗೆ ಏನು ಬರುತ್ತದೆ, ಯಾವ ಹೊತ್ತಿಗೆ ಸಿಗುತ್ತೀರಿ. ಒಂದೊಂದಕ್ಕೆ ಒಂದೊಂದು ಪ್ಯಾರಾ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸಿದ, 18 ತುಂಬಿದ ಒಬ್ಬ ಹುಡುಗಿ. ಮನೆ ಆಳಂದ ರಸ್ತೆಯ ಕಡೆ ಒಂದು ಹಳ್ಳಿ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಒಂದು ಪುಸ್ತಕ–ಸ್ಟೇಷನರಿ ಅಂಗಡಿಯ ಬಾಗಿಲಿಗೆ ‘ಸಂಜೆ ಕೆಲಸಕ್ಕೆ ಬೇಕಾಗಿದ್ದಾರೆ’ ಎಂಬ ಚೀಟಿ ನೋಡಿದ್ದಾಳೆ. ಮೇ ತಿಂಗಳು. ಶಾಲೆ ಶುರುವಾಗುವ ಹೊತ್ತಿಗೆ ಇಂಥ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ಕಡೆ ಬಿಸಿಲು ಇಳಿದ ಮೇಲೆ ತಾನೇ ಗಿರಾಕಿ ಹೊರಗೆ ಬರುವುದು, ಹಾಗಾಗಿ ಸಂಜೆಗೆ ಇನ್ನೂ ಜಾಸ್ತಿ.

ಇಷ್ಟು ಚಿಕ್ಕ ಅಂಗಡಿಗೆ ಪತ್ರ ಯಾಕೆ, ಹೋಗಿ ಬಾಯಲ್ಲೇ ಕೇಳಿದರಾಗದೇ? ಕೇಳಬಹುದು. ಆದರೆ ನೀವು ಕೇಳುವಾಗ ಮಾಲಕರ ಮುಂದೆ ನಾಲ್ಕು ಜನ ಪಟ್ಟಿ ಹಿಡಿದು ನಿಂತಿರುತ್ತಾರೆ. ‘ನಂಬರ್ ಕೊಟ್ಟು ಹೋಗಮ್ಮ’ ಎನ್ನುತ್ತಾರೆ, ನಂಬರ್ ಬರೆದ ಚೀಟಿ ಎಲ್ಲೋ ಹೋಗುತ್ತದೆ. ಒಂದು ಹಾಳೆಯ ಪತ್ರ ಗಲ್ಲೆಯ ಹತ್ತಿರ ಉಳಿಯುತ್ತದೆ. ರಾತ್ರಿ ಲೆಕ್ಕ ಮುಗಿಸಿ ಅವರು ಅದನ್ನು ಓದಬಹುದು.

ಬರೆಯಲು ಕೂರುವ ಮೊದಲು ಇನ್ನೊಂದು ಕೆಲಸ ಇದೆ. ಸಂಜೆ ಆ ಅಂಗಡಿಗೆ ಹೋಗಿ, ಒಂದು ಪೆನ್ನು ಕೊಳ್ಳುವ ನೆಪದಲ್ಲಾದರೂ ಸರಿ, ಸ್ವಲ್ಪ ಹೊತ್ತು ನಿಂತು ನೋಡಿ. ಅಲ್ಲಿ ನಿಜವಾಗಿ ಆಗುವ ಕೆಲಸ ಏನು? ನಮ್ಮ ಹುಡುಗಿ ಕಂಡದ್ದು ಇಷ್ಟು: ಶಾಲೆಯ ಪಟ್ಟಿ ಓದಿ ಸರಿಯಾದ ನೋಟ್‌ಬುಕ್ ತೆಗೆದುಕೊಡುವುದು, ಬಿಲ್ ಕೂಡಿಸುವುದು, ದುಡ್ಡು ಎಣಿಸಿ ಚಿಲ್ಲರೆ ಕೊಡುವುದು, ಕನ್ನಡ ಬಾರದ ಗಿರಾಕಿಗೂ ತಾಳ್ಮೆಯಿಂದ ಉತ್ತರ ಹೇಳುವುದು. ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎರಡನೇ ಪ್ಯಾರಾ ಹುಟ್ಟುವುದು ಇಲ್ಲಿಂದಲೇ.

ಮೊದಲ ಪ್ಯಾರಾ: ಯಾರು, ಯಾಕೆ

ಮೂರ್ನಾಲ್ಕು ಸಣ್ಣ ವಾಕ್ಯ ಸಾಕು. ಕೆಲಸದ ಹೆಸರು, ಅದು ಖಾಲಿ ಇರುವುದು ಹೇಗೆ ತಿಳಿಯಿತು, ಓದು, ವಯಸ್ಸು, ಯಾವತ್ತಿನಿಂದ ಬರಬಲ್ಲಿರಿ. ‘ಯಾವ ಕೆಲಸ ಇದ್ದರೂ ಮಾಡುತ್ತೇನೆ’ ಎಂದು ಬರೆಯಬೇಡಿ. ವಿನಯ ಅನ್ನಿಸಬಹುದು, ಆದರೆ ಓದುವವರಿಗೆ ಈಗ ನಿಮಗೇನು ಕೊಡಬೇಕೆಂದು ಯೋಚಿಸುವ ಕೆಲಸ ಬಿತ್ತು. ವಯಸ್ಸು ಬರೆಯುವುದು ಒಳ್ಳೆಯದು, ಯಾಕೆಂದರೆ ಪಿಯುಸಿ ಮುಗಿಸಿದವರನ್ನು ನೋಡಿದರೆ ಮಾಲಕರಿಗೆ ಮೊದಲು ಬರುವ ಅನುಮಾನ 18 ತುಂಬಿದೆಯೋ ಇಲ್ಲವೋ ಎಂಬುದೇ. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ ಎಂದು ಕಾನೂನಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ ಇರುತ್ತದೆ, ಅದರ ಜೆರಾಕ್ಸ್ ಪತ್ರದ ಜೊತೆ ಸಾಕು.

ಎರಡನೇ ಪ್ಯಾರಾ: ಏನು ಬರುತ್ತದೆ

ಎಲ್ಲರೂ ಎಡವುವುದು ಇಲ್ಲೇ. ಅನುಭವ ಇಲ್ಲ, ಬರೆಯುವುದೇನು? ಆಗ ಕೈಗೆ ಸಿಗುವುದು ‘ನಾನು ಪ್ರಾಮಾಣಿಕ, ಶ್ರಮಜೀವಿ, ಸಮಯಪಾಲನೆ ಮಾಡುತ್ತೇನೆ’ ಎಂಬ ಮಾತು. ಇದನ್ನು ಯಾರು ಬೇಕಾದರೂ ಬರೆಯಬಹುದು, ಕಳ್ಳನೂ ಬರೆಯುತ್ತಾನೆ. ಇನ್ನು ಕೆಲವರು ಮನೆಯ ಕಷ್ಟ ಬರೆಯುತ್ತಾರೆ: ತಂದೆಗೆ ಆರೋಗ್ಯ ಸರಿಯಿಲ್ಲ, ಮಳೆ ಕೈಕೊಟ್ಟು ತೊಗರಿ ಬರಲಿಲ್ಲ. ನಿಜವೇ ಇರಬಹುದು, ಓದಿದವರಿಗೆ ಮನಸ್ಸೂ ಕರಗಬಹುದು. ಆದರೂ ನೀವು ಬಿಲ್ ಸರಿಯಾಗಿ ಮಾಡುತ್ತೀರೋ ಇಲ್ಲವೋ ಎನ್ನುವುದು ಅವರಿಗೆ ಗೊತ್ತಾಗಲಿಲ್ಲ.

ಹಾಗಾಗಿ ಗುಣದ ಹೆಸರು ಬಿಟ್ಟು, ಮಾಡಿದ ಕೆಲಸ ಬರೆಯಿರಿ. ಸಂಬಳಕ್ಕೆ ಮಾಡಿದ್ದೇ ಆಗಬೇಕಿಲ್ಲ. ಬರೆದ ಪ್ರತಿ ವಾಕ್ಯಕ್ಕೂ ‘ಎಲ್ಲಿ? ಎಷ್ಟು? ಎಷ್ಟು ದಿನದಿಂದ?’ ಎಂದು ನೀವೇ ಕೇಳಿಕೊಳ್ಳಿ. ಹುಡುಗಿ ಮೊದಲು ಬರೆದದ್ದು ‘ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ’. ಎಲ್ಲಿ ಮಾಡಿದ್ದೀ? ಅವ್ವನ ಮಹಿಳಾ ಸಂಘದಲ್ಲಿ. ಎಷ್ಟು ಜನ? 15 ಜನ. ಎಷ್ಟು ದಿನದಿಂದ? ಎರಡು ವರ್ಷದಿಂದ, ವಾರಕ್ಕೊಮ್ಮೆ. ಅಲ್ಲಿಗೆ ವಾಕ್ಯ ತಾನಾಗಿ ಸಿಕ್ಕಿತು, ಅಲ್ವಾ? ಇನ್ನು ನೋಟ್‌ಬುಕ್ ವಿಷಯ. ತಮ್ಮ, ತಂಗಿಯ ಪಟ್ಟಿ ಹಿಡಿದು ಪ್ರತಿ ವರ್ಷ ಅಂಗಡಿಗೆ ಹೋಗುವವಳು ಅವಳೇ. ಅದು ಹೇಳಿಕೊಳ್ಳುವಂಥದ್ದು ಎಂದು ಅವಳಿಗೆ ಹೊಳೆದೇ ಇರಲಿಲ್ಲ, ಅಂಗಡಿಯವರಿಗೆ ಮಾತ್ರ ಅದು ಕಲಿಸಿಕೊಡುವ ಒಂದು ವಾರವನ್ನು ಉಳಿಸುತ್ತದೆ.

ಭಾಷೆಯನ್ನು ಮರೆಯದೆ ಬರೆಯಿರಿ. ನಮ್ಮ ಮೂರು ಜಿಲ್ಲೆಗಳಲ್ಲಿ ಇದು ದೊಡ್ಡ ವಿಷಯ. ಕಲಬುರಗಿಯ ಕೌಂಟರಿನಲ್ಲಿ ಕನ್ನಡದ ಜೊತೆ ಹಿಂದಿ–ಉರ್ದು ಬೇಕೇ ಬೇಕು, ಬೀದರಿನಲ್ಲಿ ಮರಾಠಿ ಬಂದರೆ ಅನುಕೂಲ, ಯಾದಗಿರಿ ಕಡೆ ತೆಲುಗು. ಮಾತಾಡಲು ಬರುವುದು ಯಾವುದು, ಬರೀ ಅರ್ಥವಾಗುವುದು ಯಾವುದು, ಬೇರೆ ಬೇರೆಯಾಗಿ ಹೇಳಿ. ಬಾರದ್ದನ್ನು ಬರುತ್ತದೆ ಎಂದರೆ ಮೊದಲ ಗಿರಾಕಿಯೇ ಸಿಕ್ಕಿಹಾಕಿಸುತ್ತಾನೆ.

ಈ ಪ್ಯಾರಾ ಸರಿ ಬಂದಿದೆಯೇ ಎಂದು ನೋಡಲು ಒಂದು ದಾರಿ ಇದೆ. ಇದನ್ನೇ ಪೆಟ್ರೋಲ್ ಬಂಕಿಗೂ ಬಟ್ಟೆ ಅಂಗಡಿಗೂ ಕೊಡಬಹುದು ಅನ್ನಿಸಿದರೆ, ಇನ್ನೊಮ್ಮೆ ಬರೆಯಿರಿ.

ಮೂರನೇ ಪ್ಯಾರಾ: ಯಾವ ಹೊತ್ತು, ಮುಂದೇನು

ಪಾರ್ಟ್ ಟೈಮ್ ಕೆಲಸದಲ್ಲಿ ಜಗಳ ಬರುವುದು ಹೆಚ್ಚಾಗಿ ಸಮಯಕ್ಕೇ. ಹಾಗಾಗಿ ದಿನ, ಗಂಟೆ ಎರಡನ್ನೂ ಬಿಡಿಸಿ ಹೇಳಿ. ಆಗದ ದಿನವನ್ನೂ ಹೇಳಿ. ಹಳ್ಳಿಗೆ ಹೋಗುವ ಬಸ್ ಹಿಡಿಯಬೇಕಿದ್ದರೆ ಅದನ್ನು ಮುಚ್ಚಿಡಬೇಡಿ, ಸೇರಿದ ಮೂರನೇ ದಿನ ಹೇಳುವುದಕ್ಕಿಂತ ಪತ್ರದಲ್ಲೇ ಹೇಳುವುದು ಇಬ್ಬರಿಗೂ ನೆಮ್ಮದಿ. ಡಿಗ್ರಿ ಕ್ಲಾಸ್ ಶುರುವಾದರೆ ಬಿಟ್ಟುಹೋಗುತ್ತೀರಾ ಎಂಬ ಪ್ರಶ್ನೆಯೂ ಅವರ ತಲೆಯಲ್ಲಿ ಇರುತ್ತದೆ, ಅದಕ್ಕೆ ಉತ್ತರ ಕೊಡಿ. ಆಮೇಲೆ ನೀವೇ ಒಂದು ದಿನ ಹೇಳಿ ಬಂದು ಕಾಣಿ. ‘ತಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ’ ಎಂದು ಬರೆದರೆ ಸುಮ್ನೆ ಕಾಯುತ್ತಲೇ ಇರಬೇಕಾಗುತ್ತದೆ. ಸಂಬಳದ ಮಾತು ಪತ್ರದಲ್ಲಿ ಬೇಡ, ಅದು ಎದುರು ಕೂತು ಆಡುವ ಮಾತು. ಚೀಟಿಯಲ್ಲೇ ‘ಎಷ್ಟು ಬೇಕು ಬರೆಯಿರಿ’ ಎಂದಿದ್ದರೆ ಮಾತ್ರ ಬರೆಯಿರಿ.

ಈಗ ಹುಡುಗಿಯ ಪತ್ರ ಪೂರ್ತಿ ಓದಿ.

ವಿಷಯ: ಸಂಜೆಯ ಕೌಂಟರ್ ಕೆಲಸಕ್ಕೆ ಅರ್ಜಿ

ಮಾನ್ಯರೇ,

ನಿಮ್ಮ ಅಂಗಡಿಯ ಬಾಗಿಲಲ್ಲಿ ಹಾಕಿರುವ ಚೀಟಿ ನೋಡಿ, ಸಂಜೆಯ ಕೌಂಟರ್ ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ಈ ವರ್ಷ ದ್ವಿತೀಯ ಪಿಯುಸಿ ಕಾಮರ್ಸ್ ಮುಗಿಸಿದ್ದೇನೆ. ನನಗೆ 18 ವರ್ಷ ತುಂಬಿದೆ. ಮೇ 20ರಿಂದ ಕೆಲಸಕ್ಕೆ ಬರಬಲ್ಲೆ.

ಅಂಗಡಿಯಲ್ಲಿ ಕೆಲಸ ಮಾಡಿದ ಅನುಭವ ನನಗಿಲ್ಲ. ಆದರೆ ಎರಡು ವರ್ಷದಿಂದ ನಮ್ಮ ತಾಯಿಯವರ ಮಹಿಳಾ ಸಂಘದ ಲೆಕ್ಕ ಬರೆಯುತ್ತಿದ್ದೇನೆ. ಪ್ರತಿ ವಾರ 15 ಜನರ ಉಳಿತಾಯದ ಹಣ ಎಣಿಸಿ, ಪುಸ್ತಕದಲ್ಲಿ ಬರೆದು, ಮೊತ್ತ ತಾಳೆ ನೋಡುತ್ತೇನೆ. ತಮ್ಮ, ತಂಗಿಯ ಶಾಲೆಯ ಪಟ್ಟಿಯ ಸಾಮಾನು ನಾನೇ ತರುವುದರಿಂದ ಎರಡು ಗೆರೆ, ನಾಲ್ಕು ಗೆರೆ, ಚೌಕುಳಿ ನೋಟ್‌ಬುಕ್ಕುಗಳ ವ್ಯತ್ಯಾಸ ಗೊತ್ತಿದೆ. ಕನ್ನಡ, ಹಿಂದಿ ಮಾತಾಡುತ್ತೇನೆ. ಮರಾಠಿ ಅರ್ಥವಾಗುತ್ತದೆ.

ಸೋಮವಾರದಿಂದ ಶನಿವಾರದವರೆಗೆ ಸಂಜೆ 4ರಿಂದ 8ರವರೆಗೆ ಇರಬಲ್ಲೆ. ಆಮೇಲೆ ಊರಿನ ಬಸ್ ಹಿಡಿಯಬೇಕು. ಭಾನುವಾರ ಬರಲು ಆಗುವುದಿಲ್ಲ. ಡಿಗ್ರಿ ತರಗತಿ ಶುರುವಾದ ಮೇಲೂ ಇದೇ ಹೊತ್ತಿಗೆ ಬರುತ್ತೇನೆ. ಬುಧವಾರ ಬೆಳಿಗ್ಗೆ 11ಕ್ಕೆ ಅಂಗಡಿಗೆ ಬಂದು ನಿಮ್ಮನ್ನು ಕಾಣುತ್ತೇನೆ. ಬೇರೆ ಸಮಯ ಅನುಕೂಲವಾದರೆ ದಯವಿಟ್ಟು ಫೋನ್ ಮಾಡಿ. ವಂದನೆಗಳು.

ಇಂತಿ,
(ಹೆಸರು, ಊರು, ಫೋನ್ ನಂಬರ್)

ಇಷ್ಟೇ. ‘ಅನುಭವ ನನಗಿಲ್ಲ’ ಎಂದು ಅವಳು ಒಂದೇ ಸಲ ಹೇಳಿ ಮುಂದೆ ಹೋಗಿದ್ದಾಳೆ, ಕ್ಷಮೆ ಕೇಳಿಲ್ಲ. ಬೆಳಿಗ್ಗೆ 11 ಎಂದದ್ದೂ ಸುಮ್ಮನೆ ಅಲ್ಲ, ಗಿರಾಕಿ ಕಡಿಮೆ ಇರುವ ಹೊತ್ತು ಅದು. ಆಧಾರ್ ನಂಬರ್, ಜಾತಿ, ಬ್ಯಾಂಕ್ ಖಾತೆ ಯಾವುದೂ ಪತ್ರದಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಅಂಗಡಿಗೆ ಕನ್ನಡದ ಪತ್ರವೇ ಚೆಂದ. ಶೋರೂಮೋ, ಖಾಸಗಿ ಶಾಲೆಯ ಆಫೀಸೋ ಇಂಗ್ಲಿಷಿನಲ್ಲೇ ಕೇಳಿದರೆ ಇದೇ ಮೂರು ಪ್ಯಾರಾ ಇಂಗ್ಲಿಷಿನಲ್ಲಿ ಬರೆಯಿರಿ.

ಕೊಡುವಾಗ ಆಗುವ ಎಡವಟ್ಟು

ಕೈಬರಹ ಚೆನ್ನಾಗಿದ್ದರೆ ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆದು ಕೊಡಿ, ತಪ್ಪಿಲ್ಲ. ವಾಟ್ಸಾಪಿನಲ್ಲಿ ಕಳಿಸಬೇಕು ಎಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸುವಿರಾದರೆ ಒಂದು ವಿಷಯ ನೋಡಿಕೊಳ್ಳಿ. ಅಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕೊಟ್ಟರೆ, ಆ ಫಾಂಟ್ ಇಲ್ಲದ ಫೋನಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ ಕಾಣುತ್ತದೆ. ಅವರ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಂಡಿರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಪಿಡಿಎಫ್ ಮಾಡಿಸಿಕೊಳ್ಳಿ, ಮೊದಲು ನಿಮ್ಮ ಫೋನಿನಲ್ಲಿ ತೆರೆದು ಓದಿ, ಆಮೇಲೆ ಕಳಿಸಿ. ಫೈಲಿನ ಹೆಸರಲ್ಲಿ ನಿಮ್ಮ ಹೆಸರಿರಲಿ. ಜೊತೆಗೆ ‘ಸಂಜೆಯ ಕೌಂಟರ್ ಕೆಲಸಕ್ಕೆ ನನ್ನ ಪತ್ರ ಕಳಿಸಿದ್ದೇನೆ’ ಎಂದು ಒಂದು ಸಾಲು ಟೈಪ್ ಮಾಡಿ. ಗುರುತಿಲ್ಲದ ನಂಬರಿನಿಂದ ಬರೀ ಫೈಲ್ ಬಂದರೆ ತೆರೆಯುವವರು ಕಡಿಮೆ.

ಎರಡನೇ ಅಂಗಡಿಗೂ ಬರೆಯುತ್ತಿದ್ದರೆ ಹಳೇ ಪತ್ರದ ಮೇಲೇ ತಿದ್ದಬೇಡಿ, ಹಿಂದಿನ ಅಂಗಡಿಯ ಹೆಸರು ಎಲ್ಲಾದರೂ ಉಳಿದುಬಿಡುತ್ತದೆ. ಮೊದಲ ಮತ್ತು ಮೂರನೇ ಪ್ಯಾರಾ ಸ್ವಲ್ಪವೇ ಬದಲಾಗಬಹುದು, ಎರಡನೆಯದನ್ನು ಮಾತ್ರ ಆ ಅಂಗಡಿ ನೋಡಿ ಬಂದೇ ಬರೆಯಬೇಕು.

ಬುಧವಾರ ಹೋಗುವಾಗ ಪತ್ರದ ಇನ್ನೊಂದು ಪ್ರತಿ, ಅಂಕಪಟ್ಟಿಯ ಜೆರಾಕ್ಸ್ ಇಟ್ಟುಕೊಳ್ಳಿ. ಒರಿಜಿನಲ್ ಅಂಕಪಟ್ಟಿ ತೋರಿಸಬಹುದು, ಬಿಟ್ಟು ಬರಬೇಡಿ. ಕೆಲಸ ಕೊಡಲು ಡಿಪಾಜಿಟ್ ಎಂದು ದುಡ್ಡು ಕೇಳಿದರೆ ಕೊಡಬೇಡಿ, ಮನೆಯಲ್ಲಿ ದೊಡ್ಡವರಿಗೆ ಹೇಳಿ ಬೇರೆ ಅಂಗಡಿ ನೋಡಿ.