ಸರ್ವೆ ನಂಬರಿನ ಬಳಿ ನಿಂತುಹೋಗುತ್ತಿದ್ದ ಮಾತು

ವಿಜಯಪುರದ ಒಂದು ಹನಿ ನೀರಾವರಿ ಮಾರಾಟಗಾರರಿಗಾಗಿ ವಾಟ್ಸ್‌ಆ್ಯಪ್ ಬಾಟ್ ನೋಡಿಕೊಳ್ಳುತ್ತೇನೆ. ದ್ರಾಕ್ಷಿ, ನಿಂಬೆ ಬೆಳೆಯುವ ರೈತರು ಊರು, ಬೆಳೆ, ಸರ್ವೆ ನಂಬರ್, ಎಕರೆ ಎಷ್ಟೆಂದು ತಿಳಿಸಿದರೆ ಅಂದಾಜು ವೆಚ್ಚ ಸಿಗುತ್ತದೆ. ಹಲವರು ನಡುವೆಯೇ ಬಿಟ್ಟುಹೋಗುತ್ತಿದ್ದರು.

ಎಲ್ಲಿ ಬಿಡುತ್ತಾರೆಂದು ತಿಳಿಯಲು ಬಾಟ್‌ನ ಲಾಗ್, ಅಂದರೆ ಮಾತುಕತೆಗಳ ದಾಖಲೆ, ತೆರೆದೆ. ಮೊದಲು ಅದರಲ್ಲಿದ್ದ ಮೊಬೈಲ್ ಸಂಖ್ಯೆಗಳನ್ನು ಅಳಿಸಿ, ಅವುಗಳ ಜಾಗದಲ್ಲಿ ಗುರುತಿನ ಸಂಕೇತಗಳನ್ನು ಹಾಕಿದೆ. ಪ್ರತಿ ಮಾತುಕತೆಯಲ್ಲಿ ಬಾಟ್ ಕೊನೆಗೆ ಕೇಳಿದ ಪ್ರಶ್ನೆ ಯಾವುದೆಂದು ಗುರುತು ಮಾಡಿ ಎಣಿಸಿದೆ. ಎಲ್ಲಕ್ಕಿಂತ ಹೆಚ್ಚು ಜನ ನಿಂತಿದ್ದು ಮೊದಲ ನಮಸ್ಕಾರದಲ್ಲಿಯೇ. ಆದರೆ ಎಲ್ಲರೂ ಅಲ್ಲಿಂದಲೇ ಹಾದುಹೋಗುವುದರಿಂದ ಆ ಸಂಖ್ಯೆಯನ್ನು ನಂಬುವಂತಿರಲಿಲ್ಲ. ಒಂದು ಪ್ರಶ್ನೆಯವರೆಗೆ ಬಂದವರಲ್ಲಿ ಎಷ್ಟು ಪಾಲು ಜನ ಅಲ್ಲೇ ನಿಂತರು ಎಂದು ನೋಡಿದಾಗ ಸರ್ವೆ ನಂಬರ್ ಕೇಳುವ ಹಂತವಾದ `ask_survey_no` ಎಲ್ಲಕ್ಕಿಂತ ಮೇಲೆ ಬಂತು.

ಅಲ್ಲಿ ನಿಂತ ನಲವತ್ತು ಮಾತುಕತೆಗಳನ್ನು ಕೂತು ಓದಿದೆ. ಒಂದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರೈತರು ‘45/2ಬ’ ಎಂದು ಬರೆದಿದ್ದರು. ಬಾಟ್ ‘ದಯವಿಟ್ಟು ಸರಿಯಾದ ಸರ್ವೆ ನಂಬರ್ ನಮೂದಿಸಿ’ ಎಂದಿತು. ಅವರು ‘೪೫/೨ಬ’ ಎಂದರು. ಮತ್ತೆ ಅದೇ ಉತ್ತರ. ‘ನಲವತ್ತೈದು ಬಟಾ ಎರಡು ಬ’ ಎಂದು ಬಿಡಿಸಿ ಬರೆದರು. ಮತ್ತೆ ಅದೇ. ಕೊನೆಗೆ ‘ಹೋಗಲಿ ಬಿಡಿ, ನಾಳೆ ಅಂಗಡಿಗೇ ಬರುತ್ತೇನೆ’ ಎಂದು ಮುಗಿಸಿದ್ದರು. ಪಹಣಿಯಲ್ಲಿ ಇದ್ದಂತೆಯೇ ಅವರು ಬರೆದಿದ್ದರು. ಬರೀ ಇಂಗ್ಲಿಷ್ ಅಂಕಿಗಳನ್ನಷ್ಟೇ ಒಪ್ಪುವಂತೆ ಬಾಟ್‌ಗೆ ಹೇಳಿಕೊಟ್ಟವನು ನಾನು. ಓದುತ್ತಾ ಬಹಳ ಬೇಸರವಾಯಿತು.

ಇನ್ನು ಕೆಲವರು ಬಿಟ್ಟುಹೋಗಿರಲೇ ಇಲ್ಲ. ಮೂವತ್ತು ನಿಮಿಷ ಉತ್ತರ ಬಾರದಿದ್ದರೆ ಮಾತು ಮುಗಿಯಿತೆಂದು ನಾನು ಲೆಕ್ಕ ಹಾಕಿದ್ದೆ. ಅವರು ಪಹಣಿ ಹುಡುಕಲು ಹೋಗಿ ಮರುದಿನ ಬೆಳಿಗ್ಗೆ ನಂಬರ್ ಕಳಿಸಿದ್ದರು. ಅಷ್ಟರಲ್ಲಿ ಬಾಟ್ ಎಲ್ಲ ಮರೆತು ‘ನಮಸ್ಕಾರ, ನಿಮ್ಮ ಊರು ಯಾವುದು?’ ಎಂದು ಮೊದಲಿನಿಂದ ಶುರು ಮಾಡುತ್ತಿತ್ತು. ಲಾಗ್‌ನಲ್ಲಿ ಅವರೇ ಎರಡು ಬೇರೆ ಬೇರೆ ಮಾತುಕತೆಗಳಾಗಿ, ಎರಡೂ ಅರ್ಧಕ್ಕೆ ನಿಂತಂತೆ ಕಾಣುತ್ತಿದ್ದರು. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರವನ್ನು ಪಟ್ಟಿ ಮಾಡಿದ ಮೇಲೆ ಗಡುವನ್ನು 24 ಗಂಟೆಗೆ ಏರಿಸಿದೆ. ಗ್ರಾಹಕರ ಕೊನೆಯ ಸಂದೇಶದಿಂದ ಅಷ್ಟು ಹೊತ್ತು ಮುಕ್ತವಾಗಿ ಉತ್ತರಿಸಲು ವಾಟ್ಸ್‌ಆ್ಯಪ್ ಕೂಡ ಬಿಡುತ್ತದೆ.

ಎಲ್ಲಿ ನಿಂತರೆಂದು ಲಾಗ್ ಹೇಳುತ್ತದೆ, ಸುಮ್ಮನೆ ಹೋದವರು ಯಾಕೆ ಹೋದರೆಂದು ಹೇಳುವುದಿಲ್ಲ. ಅಂಗಡಿಯವರ ಮೂಲಕ ಆರು ಜನರಿಗೆ ಫೋನ್ ಮಾಡಿಸಿದೆ. ಇಬ್ಬರ ಹೊಲ ಇನ್ನೂ ತಂದೆಯ ಹೆಸರಿನಲ್ಲಿತ್ತು, ನಂಬರ್ ಅವರಿಗೆ ಗೊತ್ತಿರಲಿಲ್ಲ. ಆಗ ಅಂಗಡಿಯ ಮಾಲೀಕರನ್ನು ಕೇಳಿದರೆ, ‘ಅಂದಾಜಿಗೆ ಎಕರೆ ಸಾಕು, ಸರ್ವೆ ನಂಬರ್ ಬೇಕಾಗುವುದು ಸಬ್ಸಿಡಿ ಅರ್ಜಿಗೆ’ ಎಂದರು. ಆ ಪ್ರಶ್ನೆಯನ್ನು ಕೊನೆಗೆ ಸರಿಸಿ, ಉತ್ತರ ಹೇಗೆ ಬರೆದರೂ ಹಾಗೆಯೇ ಉಳಿಸಿಕೊಳ್ಳುವಂತೆ ಮಾಡಿದೆ.

ಮುಂದಿನ ತಿಂಗಳ ಲಾಗ್‌ನಲ್ಲಿ ಅಲ್ಲಿ ನಿಲ್ಲುವವರು ಬಹಳ ಕಡಿಮೆಯಾಗಿದ್ದರು. ಈಗ ಮೇಲೆ ಬಂದಿರುವುದು ಪಹಣಿಯ ಫೋಟೊ ಕೇಳುವ ಹಂತ. ಅದರ ಮಾತುಕತೆಗಳನ್ನು ಓದುತ್ತಿದ್ದೇನೆ.