ಗಡುವು ಮುಂದೂಡಲು ಕೇಳುವ ಮೊದಲು ದಿನ ಎಣಿಸಿ

"ಇನ್ನೆರಡು ದಿನ ಕೊಡ್ತೀರಾ?" ಹಿಂದೊಮ್ಮೆ ಒಂದೇ ಕೆಲಸಕ್ಕೆ ಈ ಮಾತನ್ನು ನಾನು ಮೂರು ಸಲ ಕೇಳಿದ್ದೆ. ಮೊದಲ ಸಲ ಆ ಕಡೆಯವರು "ಪರವಾಗಿಲ್ಲ" ಅಂದರು. ಎರಡನೇ ಸಲ "ಸರಿ" ಅಂತಷ್ಟೇ ಬರೆದರು. ಮೂರನೇ ಸಲ ಉತ್ತರವೇ ಬರಲಿಲ್ಲ. ಎಲ್ಲ ಸೇರಿಸಿದರೆ ನಾನು ಹೆಚ್ಚು ತೆಗೆದುಕೊಂಡಿದ್ದು ಆರು ದಿನ. ಮೊದಲೇ ಒಟ್ಟಿಗೆ ಆರು ದಿನ ಕೇಳಿದ್ದರೆ ಬಹುಶಃ ಕೊಡುತ್ತಿದ್ದರು. ಆದರೆ ನಾನು ಹೇಳಿದ ಒಂದೊಂದು ತಾರೀಖನ್ನೂ ನಂಬಿ ಅವರು ತಮ್ಮ ಕೆಲಸ ಜೋಡಿಸಿಕೊಂಡಿದ್ದರು. ಪ್ರತಿ ಸಲವೂ ಅದನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಯಿತು.

ಅಂದಿನಿಂದ ನಾನು ಪಾಲಿಸುವುದು ಇಷ್ಟು: ಒಂದೇ ಸಲ ಕೇಳುವುದು, ಮತ್ತು ಖಂಡಿತ ಉಳಿಸಿಕೊಳ್ಳಬಲ್ಲ ತಾರೀಖನ್ನೇ ಕೇಳುವುದು. ಆ ತಾರೀಖನ್ನು ಕಂಡುಕೊಳ್ಳುವುದು ಹೇಗೆ ಎಂಬುದೇ ಇಲ್ಲಿ ಮುಖ್ಯ. ಪತ್ರ ಬರೆಯುವುದು ಆಮೇಲಿನ ಮಾತು. ನಾನೇ ಮಾಡಿದ ಒಂದು ಕೆಲಸವನ್ನು ಇಟ್ಟುಕೊಂಡು ಹೇಳುತ್ತೇನೆ.

ಅರ್ಧ ದಾರಿಯಲ್ಲಿ ನಿಂತು ನೋಡಿ

48 ಪುಟದ ತರಬೇತಿ ಕೈಪಿಡಿಯೊಂದನ್ನು ಅನುವಾದ ಮಾಡಿಕೊಡಬೇಕಿತ್ತು. ಗುರುವಾರ 2ನೇ ತಾರೀಖು ಶುರು, ಶುಕ್ರವಾರ 17ಕ್ಕೆ ಕೊನೆ. ಶನಿವಾರ, ಭಾನುವಾರ ಬಿಟ್ಟರೆ 12 ಕೆಲಸದ ದಿನ. ದಿನಕ್ಕೆ 5 ಪುಟದಂತೆ ಹತ್ತು ದಿನದಲ್ಲಿ ಅನುವಾದ, ಇನ್ನೆರಡು ದಿನದಲ್ಲಿ ತಿದ್ದುವುದು ಎಂದು ಲೆಕ್ಕ ಹಾಕಿದ್ದೆ.

9ನೇ ತಾರೀಖು ಸಂಜೆಗೆ ಆರು ದಿನ ಕಳೆದಿತ್ತು. ಅಂದರೆ ಸರಿಯಾಗಿ ಅರ್ಧ ಸಮಯ. ಆದರೆ ಮುಗಿದಿದ್ದು 15 ಪುಟ ಮಾತ್ರ. ಅರ್ಧ ಸಮಯ ಕಳೆದು ಮೂರನೇ ಒಂದು ಭಾಗ ಕೆಲಸವೂ ಆಗಿಲ್ಲವೆಂದರೆ ಅದು ಸುಮ್ನೆ ಬಿಡುವ ಸಂಗತಿಯಲ್ಲ. ಕೇಳುವ ದಿನ ಅದೇ. ಆಗಿನ್ನೂ ಆ ಕಡೆಯವರ ಕೈಯಲ್ಲಿ ಆರು ಕೆಲಸದ ದಿನಗಳಿರುತ್ತವೆ. ಅಚ್ಚಿನ ದಿನ ಬದಲಿಸಬಹುದು, ಓದಿ ನೋಡುವವರಿಗೆ ಮೊದಲೇ ತಿಳಿಸಬಹುದು. 16ರ ರಾತ್ರಿ ಕೇಳಿದರೆ ಅವರಿಗೆ ಉಳಿಯುವುದು ಒಪ್ಪಿಕೊಳ್ಳುವ ದಾರಿಯೊಂದೇ.

ಆದರೂ ನಾವು ಕಾಯುತ್ತೇವೆ. ಉಳಿದ ದಿನಗಳಲ್ಲಿ ಜಾಸ್ತಿ ಕೂತು ಮುಗಿಸಿಬಿಡುತ್ತೇನೆ ಅನ್ನಿಸುತ್ತದೆ ಅಲ್ವಾ? ಈ ಅನ್ನಿಸಿಕೆಯನ್ನು ಅಳೆದು ನೋಡಿದವರಿದ್ದಾರೆ. ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕಲ್ ರಾಸ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ನಿಮ್ಮ ಪ್ರಬಂಧ ಯಾವಾಗ ಮುಗಿಯುತ್ತದೆ ಎಂದು ಕೇಳಿದರು. ಅವರ ಅಂದಾಜು ಸರಾಸರಿ ಸುಮಾರು 34 ದಿನ. ಎಲ್ಲವೂ ತೀರಾ ಕೆಟ್ಟರೆ ಎಷ್ಟಾದೀತು ಎಂದರೆ ಸುಮಾರು 49 ದಿನ ಅಂದರು. ನಿಜಕ್ಕೂ ಹಿಡಿದಿದ್ದು ಸುಮಾರು 55 ದಿನ. ತೀರಾ ಕೆಟ್ಟರೆ ಎಂದು ಊಹಿಸಿದ್ದಕ್ಕಿಂತಲೂ ಜಾಸ್ತಿ. ಆದ್ದರಿಂದ ಹೊಸ ತಾರೀಖನ್ನು ಮನಸ್ಸನ್ನು ಕೇಳಿ ಇಡಬೇಡಿ, ಈವರೆಗೆ ಮಾಡಿದ ಕೆಲಸವನ್ನು ನೋಡಿ ಇಡಿ.

ಈವರೆಗಿನ ವೇಗದಿಂದ ತಾರೀಖು ತೆಗೆಯಿರಿ

ನನ್ನ ಲೆಕ್ಕ ಹೀಗಿತ್ತು. ಆರು ದಿನದಲ್ಲಿ ಒಂದು ದಿನ ಜ್ವರದಿಂದ ಮಲಗಿದ್ದೆ. ಉಳಿದ ಐದು ದಿನಕ್ಕೆ 15 ಪುಟ, ಅಂದರೆ ದಿನಕ್ಕೆ 3. ನಾಳೆಯಿಂದ 5 ಮಾಡುತ್ತೇನೆ ಎನ್ನಲು ನನ್ನ ಬಳಿ ಆಧಾರವಿರಲಿಲ್ಲ. ಹಾಗಾಗಿ ಉಳಿದ 33 ಪುಟಕ್ಕೂ ದಿನಕ್ಕೆ 3 ಎಂದೇ ಹಿಡಿದೆ. 11 ದಿನ ಬೇಕು. ತಿದ್ದಲು 2 ದಿನ. ಮತ್ತೆ ಜ್ವರವೋ ಇನ್ನೇನೋ ಬಂದರೆ ಎಂದು ಇನ್ನೂ 2 ದಿನ. ಒಟ್ಟು 15. ಶುಕ್ರವಾರ 10ರಿಂದ ಎಣಿಸಿದರೆ ಗುರುವಾರ 30ಕ್ಕೆ ಬಂದು ನಿಂತಿತು.

ಆ ತಾರೀಖು ನೋಡಿ ನನಗೇ ಗಾಬರಿಯಾಯಿತು. 17ರಿಂದ 30ಕ್ಕೆ! ಇಷ್ಟು ಕೇಳಲು ಸಂಕೋಚವಾಗುತ್ತದೆ, 24 ಅಂದುಬಿಡೋಣ ಅನ್ನಿಸಿತು. ಎಲ್ಲ ಕೆಡುವುದು ಇಲ್ಲೇ. ಸಂಕೋಚಕ್ಕೆ ಕತ್ತರಿಸಿದ ದಿನಗಳು ಆಮೇಲೆ ಎರಡನೇ ಕೋರಿಕೆಯಾಗಿ ಬರುತ್ತವೆ. ತಾರೀಖು ದೂರವಾಯಿತು ಅನ್ನಿಸಿದರೆ ಅದನ್ನು ಹಾಗೇ ಬಿಟ್ಟು, ಹಳೆಯ ಗಡುವಿಗೆ ಏನು ಕೊಡಬಲ್ಲೆ ಎಂದು ಹುಡುಕಿ. ನಾನು ಮತ್ತೆ ಎಣಿಸಿದೆ. ಮೂರು ದಿನದಲ್ಲಿ 9 ಪುಟ, ಅಂದರೆ 14ರ ಸಂಜೆಗೆ 24 ಪುಟವಾಗುತ್ತದೆ. 15ರಂದು ಅದನ್ನು ತಿದ್ದಬಹುದು. ಹಾಗಾದರೆ ಅರ್ಧ ಕೈಪಿಡಿಯನ್ನು 17ಕ್ಕೇ, ಎರಡು ದಿನ ಕೈಯಲ್ಲಿಟ್ಟುಕೊಂಡೇ ಕೊಡಬಹುದು. 30ರ ಲೆಕ್ಕವೂ ಇದರಿಂದ ಕದಲುವುದಿಲ್ಲ.

ಕಾರಣ ದಿನಗಳಿಗೆ ಹೊಂದಬೇಕು

ನನ್ನ ಬಳಿ ಎರಡು ಕಾರಣಗಳಿದ್ದವು. ಒಂದು ಜ್ವರ. ಇನ್ನೊಂದು ನನ್ನದೇ ತಪ್ಪು: ಕೆಲಸ ಒಪ್ಪುವ ಮೊದಲು ಕೈಪಿಡಿಯ ಮೊದಲ ಕೆಲವು ಪುಟ ಮಾತ್ರ ನೋಡಿದ್ದೆ. ಒಳಗೆ ಪುಟ ತುಂಬ ಕೋಷ್ಟಕಗಳಿದ್ದವು. ಅವುಗಳ ಒಂದೊಂದು ಮನೆಯನ್ನೂ ಬೇರೆಯಾಗಿ ಅನುವಾದಿಸಿ ಜೋಡಿಸಬೇಕಿತ್ತು.

ಎಲ್ಲವನ್ನೂ ಜ್ವರದ ತಲೆಗೆ ಕಟ್ಟುವುದು ಸುಲಭ. ಜ್ವರ ಸುಳ್ಳೂ ಅಲ್ಲ. ಆದರೆ ಅದು ತಿಂದಿದ್ದು ಒಂದೇ ದಿನ, ನಾನು ಕೇಳುತ್ತಿದ್ದುದು ಒಂಬತ್ತು ಕೆಲಸದ ದಿನ. ಇಂಥ ಕೋರಿಕೆಗಳನ್ನು ನಾನೂ ಓದಿದ್ದೇನೆ, ಈ ಕಂದಕ ಕೂಡಲೇ ಕಾಣುತ್ತದೆ. ಕಾರಣ ಚಿಕ್ಕದು, ಕೇಳಿದ ದಿನ ದೊಡ್ಡದು ಎಂದಾಗ ಓದುವವರಿಗೆ ಹೊಸ ತಾರೀಖಿನ ಮೇಲೂ ನಂಬಿಕೆ ಹೋಗುತ್ತದೆ. ಅಂದಾಜು ತಪ್ಪಿತು ಎಂದು ಒಪ್ಪಿಕೊಂಡರೆ ಮಾತ್ರ ಒಂಬತ್ತು ದಿನಕ್ಕೆ ಅರ್ಥ ಬರುತ್ತದೆ.

1978ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಜೆರಾಕ್ಸ್ ಯಂತ್ರದ ಬಳಿ ಇರುವವರನ್ನು, ನಾನು ಮೊದಲು ಮಾಡಿಕೊಳ್ಳಲೇ ಎಂದು ಕೇಳುವುದು ಪ್ರಯೋಗ. ಐದು ಪುಟವಿದ್ದಾಗ "ಯಾಕೆಂದರೆ ನನಗೆ ಕಾಪಿ ಮಾಡಬೇಕಿದೆ" ಎಂಬ ಪೊಳ್ಳು ಕಾರಣಕ್ಕೂ ನೂರಕ್ಕೆ 93 ಮಂದಿ ಬಿಟ್ಟುಕೊಟ್ಟರು. ನಿಜವಾದ ಕಾರಣಕ್ಕೂ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತು ಪುಟವಾದಾಗ ಪೊಳ್ಳು ಕಾರಣಕ್ಕೆ 24 ಮಂದಿ ಮಾತ್ರ ಒಪ್ಪಿದರು, ಕಾರಣವನ್ನೇ ಹೇಳದಿದ್ದಾಗಲೂ ಅಷ್ಟೇ ಮಂದಿ. ನಿಜವಾದ ಆತುರ ಹೇಳಿದಾಗ 42. ಕೋರಿಕೆ ದೊಡ್ಡದಾದಷ್ಟೂ ಜನ ಕಾರಣವನ್ನು ತೂಗಿ ನೋಡುತ್ತಾರೆ.

ಕಾರಣ ತೀರಾ ಖಾಸಗಿಯಾಗಿದ್ದರೆ? ವಿವರ ಕೊಡಬೇಕಾಗಿಲ್ಲ. "ಮನೆಯಲ್ಲಿ ಒಂದು ತೊಂದರೆಯಿದೆ, ವಿವರ ಹೇಳಲಾರೆ, ಈ ವಾರ ಅರ್ಧ ಹೊತ್ತು ಮಾತ್ರ ಕೆಲಸ ಮಾಡಬಲ್ಲೆ" ಎಂಬುದು ಪೂರ್ತಿ ಪ್ರಾಮಾಣಿಕವಾದ ವಾಕ್ಯ. ವಿವರ ಬಿಡುವುದು ಬೇರೆ, ಕಥೆ ಕಟ್ಟುವುದು ಬೇರೆ.

ಪತ್ರ

ನಾನು ಕಳಿಸಿದ ಮೇಲ್ ಇಷ್ಟೇ ಇತ್ತು. ವಿಷಯದ ಸಾಲಿನಲ್ಲೇ ಎರಡೂ ತಾರೀಖು ಹಾಕಿದ್ದೆ.

> ವಿಷಯ: ಕೈಪಿಡಿ ಅನುವಾದ – 17ರ ಬದಲು 30ಕ್ಕೆ ಕೊಡಲು ಕೋರಿಕೆ
>
> ನಮಸ್ಕಾರ ಮೇಡಂ,
>
> ಕೈಪಿಡಿಯ ಅನುವಾದವನ್ನು 17ಕ್ಕೆ ಪೂರ್ತಿ ಮುಗಿಸಲು ನನ್ನಿಂದ ಆಗುವುದಿಲ್ಲ. ಗುರುವಾರ 30, ಸಂಜೆ 5 ಗಂಟೆಗೆ ಕೊಡಲು ಅನುಮತಿ ಕೇಳುತ್ತಿದ್ದೇನೆ.
>
> ಕೋಷ್ಟಕಗಳಿಗೆ ಎಷ್ಟು ಸಮಯ ಬೇಕೆಂದು ಅಂದಾಜು ಮಾಡುವಲ್ಲಿ ನಾನು ತಪ್ಪಿದೆ. ದಿನಕ್ಕೆ 5 ಪುಟ ಅಂದುಕೊಂಡಿದ್ದೆ, 3 ಆಗುತ್ತಿದೆ. ಜ್ವರದಿಂದ ಒಂದು ದಿನವೂ ಹೋಯಿತು. ಇವತ್ತಿಗೆ 15 ಪುಟ ಮುಗಿದಿದೆ.
>
> ಮೊದಲ 24 ಪುಟಗಳನ್ನು ತಿದ್ದಿ 17ಕ್ಕೇ ಕಳಿಸುತ್ತೇನೆ. ಉಳಿದ 24 ಪುಟ 30ಕ್ಕೆ.
>
> ಇದರಿಂದ ನಿಮ್ಮ ಮುಂದಿನ ಯಾವ ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ದಯವಿಟ್ಟು ತಿಳಿಸಿ. ನಿಮಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ.

ಕ್ಷಮೆ ಒಂದೇ ಸಲ, ಕೊನೆಯಲ್ಲಿ. ಮೂರು ಸಾಲು ಕ್ಷಮೆ ಬರೆದರೆ ಅದನ್ನು ಸಮಾಧಾನ ಮಾಡುವ ಕೆಲಸವೂ ಅವರ ಮೇಲೆ ಬೀಳುತ್ತದೆ. "ಆದಷ್ಟು ಬೇಗ", "ತಿಂಗಳ ಕೊನೆಗೆ", "28 ಅಥವಾ 30" ಇವು ಯಾವುವೂ ತಾರೀಖುಗಳಲ್ಲ. 28 ಎಂದು ಬರೆದರೆ ಅವರು ನೆನಪಿಟ್ಟುಕೊಳ್ಳುವುದು 28ನ್ನೇ. ವಾರ, ತಾರೀಖು, ಗಂಟೆ ಮೂರನ್ನೂ ಬರೆಯಿರಿ. ಬೇರೆ ದೇಶದವರಾದರೆ ಯಾವ ದೇಶದ ಗಂಟೆ ಎಂಬುದನ್ನೂ ಸೇರಿಸಿ.

ಕೆಲವು ಗಡುವುಗಳನ್ನು ಬದಲಿಸುವುದು ನಿಮಗೆ ಕೆಲಸ ಕೊಟ್ಟವರ ಕೈಯಲ್ಲೂ ಇರುವುದಿಲ್ಲ. ಟೆಂಡರ್, ಅನುದಾನದ ಅರ್ಜಿ, ಪರೀಕ್ಷೆಯ ಅರ್ಜಿ ಇಂಥವು. ಅಲ್ಲಿ ಈ ಪತ್ರ ನಡೆಯುವುದಿಲ್ಲ. ಯಾವ ಭಾಗ ಬಿಡಬಹುದು ಎಂದು ಕೇಳಬೇಕು.

ಅವರು ಬೇರೆ ತಾರೀಖು ಹೇಳಿದರೆ

ಮಾರನೇ ದಿನ ಫೋನ್ ಬಂತು. "ಮೊದಲರ್ಧ 17ಕ್ಕೆ ಬಂದರೆ ಓದಿ ನೋಡುವವರು ಶುರು ಮಾಡ್ಕೊಳ್ತಾರೆ, ಅದು ಸರಿ. ಆದರೆ ಉಳಿದಿದ್ದು 24ಕ್ಕೆ ಕೊಡೋಕೆ ಆಗಲ್ವಾ?" ಎಂದು ಕೇಳಿದರು.

ಒಪ್ಪಿಕೊಂಡುಬಿಡುವ ಆಸೆಯಾಗುವುದು ಇಂಥ ಹೊತ್ತಿನಲ್ಲೇ. "ಹತ್ತು ನಿಮಿಷ ಕೊಡಿ, ನೋಡಿ ಹೇಳ್ತೀನಿ ಮೇಡಂ" ಎಂದು ಫೋನ್ ಇಟ್ಟು ಮತ್ತೆ ಎಣಿಸಿದೆ. 16ರಿಂದ 22ರವರೆಗೆ ಐದು ಕೆಲಸದ ದಿನ, 15 ಪುಟ. 23ರಂದು ತಿದ್ದಬಹುದು, 24 ಕೈಯಲ್ಲಿ ಉಳಿಯುತ್ತದೆ. ಅಷ್ಟರಲ್ಲಿ ಒಟ್ಟು 39 ಪುಟವಾಗುತ್ತದೆ. ಕೊನೆಯ 9 ಪುಟ ಬರೀ ಕೋಷ್ಟಕಗಳ ಅನುಬಂಧ. "24ಕ್ಕೆ 39 ಪುಟ ಕೊಡ್ತೀನಿ. ಅನುಬಂಧ ಮಾತ್ರ 30ಕ್ಕೆ" ಅಂದೆ. ಅದಕ್ಕೆ ಅವರು ಒಪ್ಪಿದರು. ಮಾತಾಡಿದ್ದನ್ನೆಲ್ಲ ಅದೇ ದಿನ ಮೂರು ಸಾಲಿನ ಮೇಲ್‌ನಲ್ಲಿ ಬರೆದು ಕಳಿಸಿದೆ. ಫೋನಿನ ಮಾತು ಎರಡು ವಾರದ ಮೇಲೆ ಇಬ್ಬರಿಗೂ ಬೇರೆ ಬೇರೆಯಾಗಿ ನೆನಪಿರುತ್ತದೆ.

ಉತ್ತರವೇ ಬರದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಎರಡು ದಿನ ನೋಡಿ ಫೋನ್ ಮಾಡಿ. ಅವರು ಒಪ್ಪುವವರೆಗೂ ನಿಮ್ಮ ಗಡುವು ಹಳೆಯದೇ.

21ರಂದು ನಾನು ಇನ್ನೊಂದು ಸಾಲು ಕಳಿಸಿದೆ: "36 ಪುಟ ಆಗಿದೆ, 24ಕ್ಕೆ ಹೇಳಿದಂತೆ ಬರುತ್ತದೆ." 24ಕ್ಕೆ ಕಳಿಸಿದೆ. ಅನುಬಂಧ 30ರ ಮಧ್ಯಾಹ್ನ ಮುಗಿಯಿತು. ಕೊನೆಯ ಕೋಷ್ಟಕ ನಾನು ಎಣಿಸಿದ್ದಕ್ಕಿಂತ ಅರ್ಧ ದಿನ ಜಾಸ್ತಿ ತೆಗೆದುಕೊಂಡಿತ್ತು.