31,100 ಹೇಗೆ 50,300 ಆಯಿತು: ಏಳನೇ ವೇತನ ಆಯೋಗದ ನಿಗದಿ ನಾನು ಮಾಡಿದ ಬಗೆ

2024ರ ಜುಲೈನಲ್ಲಿ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿ ಆಗುತ್ತದೆ ಅಂತ ಸುದ್ದಿ ಬಂದದ್ದೇ ತಡ, ಕಚೇರಿಯಲ್ಲಿ ಎಲ್ಲರೂ ಮೊಬೈಲ್ ಹಿಡಿದು ಗುಣಿಸೋಕೆ ಶುರು ಮಾಡಿದರು. ಒಬ್ಬರು 27.5% ಜಾಸ್ತಿ ಅಂದರು. ಇನ್ನೊಬ್ಬರು 58.5% ಅಂದರು. ಸಂಬಳದ ಬಿಲ್ಲು ನೋಡುವುದು ನನ್ನ ಕೆಲಸ, ಹಾಗಾಗಿ ಎರಡೂ ಪ್ರಶ್ನೆ ನನ್ನ ಟೇಬಲ್ಲಿಗೇ ಬಂದವು. ಎರಡು ಅಂಕಿಗಳೂ ಆದೇಶದಲ್ಲಿ ಇರುವುದೇ. ಆದರೆ ಸಂಬಳ ಅಷ್ಟು ಏರಿತು ಅಂತ ಎರಡಕ್ಕೂ ಅರ್ಥ ಇಲ್ಲ.

ನಿಯಮ ಹೇಳುವುದು ಇಷ್ಟೇ. 2022ರ ಜುಲೈ 1ಕ್ಕೆ ನೌಕರರ ಹಳೆಯ ಮೂಲ ವೇತನ ಎಷ್ಟಿತ್ತೋ ಅದನ್ನು ತೆಗೆದುಕೊಳ್ಳಬೇಕು. ಅದಕ್ಕೆ ಅದರ 31% ತುಟ್ಟಿಭತ್ಯೆ ಸೇರಿಸಬೇಕು. ಆಮೇಲೆ ಅದೇ ಹಳೆಯ ಮೂಲ ವೇತನದ 27.5% ಫಿಟ್‌ಮೆಂಟ್ ಸೇರಿಸಬೇಕು. ನೂರಕ್ಕೆ 31, ಮತ್ತೆ 27.5, ಒಟ್ಟು 158.5. ಅಂದರೆ ಹಳೆಯ ಮೂಲ ವೇತನವನ್ನು 1.585ರಿಂದ ಗುಣಿಸಿದ ಹಾಗೆ. 31% ಯಾಕೆ ಅಂದರೆ ಆ ದಿನಕ್ಕೆ ರಾಜ್ಯ ನೌಕರರಿಗೆ ಇದ್ದ ತುಟ್ಟಿಭತ್ಯೆ ಅಷ್ಟೇ. ಅದು ಹೊಸದಾಗಿ ಕೊಟ್ಟ ದುಡ್ಡಲ್ಲ, ಕೈಗೆ ಬರುತ್ತಲೇ ಇತ್ತು. ಒಂದು ಕಿಸೆಯಿಂದ ತೆಗೆದು ಇನ್ನೊಂದು ಕಿಸೆಗೆ ಹಾಕಿದ ಹಾಗೆ. ಹೊಸದು 27.5 ಮಾತ್ರ. ಅದನ್ನೂ 100ಕ್ಕೆ ಹೋಲಿಸಿ ನೋಡಬಾರದು, 131ಕ್ಕೆ ಹೋಲಿಸಬೇಕು. 158.5ನ್ನು 131ರಿಂದ ಭಾಗಿಸಿದರೆ 1.21 ಬರುತ್ತದೆ. ಅಂದರೆ ಆ ದಿನದ ಲೆಕ್ಕದಲ್ಲಿ ನಿಜವಾದ ಏರಿಕೆ ಸುಮಾರು 21%.

ಕೇಂದ್ರದವರ 2.57 ಕೇಳಿ ಹೊಟ್ಟೆ ಉರಿಸಿಕೊಳ್ಳುವವರಿಗೂ ನಾನು ಇದನ್ನೇ ಹೇಳಿದೆ. ಕೇಂದ್ರದ ಏಳನೇ ಆಯೋಗದಲ್ಲಿ 125% ತುಟ್ಟಿಭತ್ಯೆ ಮೂಲ ವೇತನಕ್ಕೆ ಸೇರಿತು. 2.57ರಲ್ಲಿ 2.25 ಹಳೆಯದೇ. 2.57ನ್ನು 2.25ರಿಂದ ಭಾಗಿಸಿ ನೋಡಿ, ಏರಿಕೆ 14%ಕ್ಕೆ ಸ್ವಲ್ಪ ಮೇಲೆ ಅಷ್ಟೇ. ಹತ್ತು ವರ್ಷ ಕಾದರೆ ತುಟ್ಟಿಭತ್ಯೆ ಬೆಳೆದು ಅಂಕಿ ದೊಡ್ಡದಾಗುತ್ತದೆ. ಫ್ಯಾಕ್ಟರ್ ದೊಡ್ಡದಿದ್ದ ಮಾತ್ರಕ್ಕೆ ಏರಿಕೆ ದೊಡ್ಡದಾಗುವುದಿಲ್ಲ.

ಇನ್ನು ಒಂದು ಪ್ರಕರಣ ಪೂರ್ತಿ ನೋಡೋಣ. ನಮ್ಮಲ್ಲಿ ಒಬ್ಬ ಪ್ರಥಮ ದರ್ಜೆ ಸಹಾಯಕರು. ಹಳೆಯ ಶ್ರೇಣಿ 27,650–52,650. ವಾರ್ಷಿಕ ವೇತನ ಬಡ್ತಿ ಜನವರಿ 1ಕ್ಕೆ. 2022ರ ಜುಲೈ 1ರಂದು ಮೂಲ ವೇತನ 31,100. ಇದನ್ನು ನಾನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳಲಿಲ್ಲ, ಸೇವಾ ಪುಸ್ತಕದಲ್ಲಿ 2022ರ ಜನವರಿಯ ಬಡ್ತಿ ನಮೂದು ನೋಡಿ ತೆಗೆದುಕೊಂಡೆ. ಲೆಕ್ಕ ಹೀಗೆ:

```
ಮೂಲ ವೇತನ            31,100.00
ತುಟ್ಟಿಭತ್ಯೆ 31%         9,641.00
ಫಿಟ್‌ಮೆಂಟ್ 27.5%        8,552.50
ಒಟ್ಟು                49,293.50
```

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 49,293.50 ಅನ್ನುವುದು ಹೊಸ ಮೂಲ ವೇತನ ಅಲ್ಲ. ಕರ್ನಾಟಕದಲ್ಲಿ ಮಾಸ್ಟರ್ ವೇತನ ಶ್ರೇಣಿ ಅಂತ ಒಂದಿದೆ. 27,000ದಿಂದ 2,41,200ರವರೆಗೆ ಒಂದೇ ಏಣಿ, ಎಲ್ಲ ಹುದ್ದೆಗಳ ಶ್ರೇಣಿಯೂ ಅದರದೇ ತುಂಡು. ಮೂಲ ವೇತನ ಆ ಏಣಿಯ ಯಾವುದಾದರೂ ಒಂದು ಮೆಟ್ಟಿಲ ಮೇಲೇ ಇರಬೇಕು. ಎರಡು ಮೆಟ್ಟಿಲ ನಡುವೆ ನಿಲ್ಲುವ ಹಾಗಿಲ್ಲ. 47,800 ಆದ ಮೇಲೆ ಬಡ್ತಿ ದರ 1,250. ಹಾಗಾಗಿ ಮೆಟ್ಟಿಲುಗಳು 47,800, 49,050, 50,300. ನಮ್ಮ ಮೊತ್ತ 49,050ನ್ನು ದಾಟಿದೆ, 50,300ನ್ನು ಮುಟ್ಟಿಲ್ಲ. ಆದ್ದರಿಂದ ಮೇಲಿನ ಹಂತ, 50,300. ಹೀಗೆ ಮೇಲೆತ್ತಿದ್ದರಿಂದಲೇ ಅವರಿಗೆ 1,006 ರೂಪಾಯಿ 50 ಪೈಸೆ ಸಿಕ್ಕಿತು.

ಈ ಲಾಭ ಎಲ್ಲರಿಗೂ ಒಂದೇ ಸಮ ಅಲ್ಲ. ಹಳೆಯ ಕನಿಷ್ಠ 17,000ದಲ್ಲಿದ್ದವರ ಲೆಕ್ಕ 26,945 ಬರುತ್ತದೆ, 27,000ಕ್ಕೆ ಏರಿದರೆ ಬರೀ 55 ರೂಪಾಯಿ. 53,900ದಲ್ಲಿದ್ದ ಅಧಿಕಾರಿಗೆ 85,431.50 ಬಂದು 85,600ಕ್ಕೆ ನಿಂತಿತು, ಅಲ್ಲೂ 168.50 ಅಷ್ಟೇ. ಸಂಬಳ ದೊಡ್ಡದಿದ್ದವರಿಗೆ ಹಂತದ ಲಾಭವೂ ದೊಡ್ಡದು ಅಂತ ಸುಮ್ನೆ ಅಂದುಕೊಳ್ಳುವ ಹಾಗಿಲ್ಲ.

ಎರಡೂ ಮಾಸ್ಟರ್ ಶ್ರೇಣಿಯನ್ನು ಪಕ್ಕಪಕ್ಕ ಬರೆದು ನೋಡಿದಾಗ ನನಗೆ ಒಂದು ವಿಷಯ ಹೊಳೆಯಿತು, ಆಮೇಲೆ ಕೆಲಸ ತುಂಬಾ ಹಗುರವಾಯಿತು. ಹಳೆಯ ಏಣಿ 17,000ದಿಂದ 1,50,600. ಅದರಲ್ಲಿ ಮೊದಲ ಒಂಬತ್ತು ಬಡ್ತಿ ದರಗಳು ನಾಲ್ಕು ನಾಲ್ಕು ಸಲ, ಮುಂದಿನ ಎಂಟು ದರಗಳು ಆರಾರು ಸಲ, ಕೊನೆಯದು ಏಳು ಸಲ. ಹೊಸ ಏಣಿಯಲ್ಲೂ ಥೇಟ್ ಹಾಗೇ. ಎರಡರಲ್ಲೂ 92 ಹಂತ. 1.585ರಿಂದ ಗುಣಿಸಿ ಮೇಲಿನ ಹಂತಕ್ಕೆ ಏರಿಸಿದರೆ ಹಳೆಯ ಏಣಿಯ ಎಷ್ಟನೇ ಮೆಟ್ಟಿಲೋ ಹೊಸ ಏಣಿಯಲ್ಲೂ ಅಷ್ಟನೇ ಮೆಟ್ಟಿಲೇ ಬರುತ್ತದೆ. 29,600 ಇದ್ದವರು 47,800ಕ್ಕೆ ಬಂದರೆ, ಅದಕ್ಕಿಂತ ಎರಡು ಮೆಟ್ಟಿಲು ಮೇಲಿನ 31,100 ಇದ್ದವರು 47,800ಕ್ಕಿಂತ ಎರಡು ಮೆಟ್ಟಿಲು ಮೇಲೆ, 50,300ಕ್ಕೆ. ಹಾಗಾಗಿ ಕಿರಿಯರು ಹಿರಿಯರು ಒಂದೇ ಹಂತದಲ್ಲಿ ಬಂದು ಕೂರುವ ತಕರಾರು ಈ ಸಲ ಗುಣಾಕಾರದಿಂದ ಹುಟ್ಟಲಿಲ್ಲ.

ಇದರಿಂದ ಒಂದು ತಾಳೆ ಸಿಕ್ಕಿತು. ನಿಗದಿ 2022ರ ಜುಲೈ 1ರಿಂದಲೇ, ಆದರೆ ಕಾಲ್ಪನಿಕ. ದುಡ್ಡು ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದ. ನಡುವಿನ ಎರಡು ವರ್ಷದ ಬಾಕಿ ಇಲ್ಲ. ಆದರೆ ಆ ಅವಧಿಯ ವಾರ್ಷಿಕ ಬಡ್ತಿಗಳನ್ನು ಹೊಸ ಶ್ರೇಣಿಯಲ್ಲಿ ಹಾಕುತ್ತಾ ಬರಬೇಕು. ನಮ್ಮ ಸಹಾಯಕರಿಗೆ 2023ರ ಜನವರಿಯಲ್ಲಿ 51,550, 2024ರ ಜನವರಿಯಲ್ಲಿ 52,800. ಈಗ ಇನ್ನೊಂದು ದಾರಿಯಿಂದ ಬನ್ನಿ. ಹಳೆಯ ಶ್ರೇಣಿಯಲ್ಲಿ 2024ರ ಜುಲೈಗೆ ಅವರು ಪಡೆಯುತ್ತಿದ್ದದ್ದು 32,600. ಅದನ್ನು 1.585ರಿಂದ ಗುಣಿಸಿದರೆ 51,671, ಮೇಲಿನ ಹಂತ 52,800. ಎರಡು ದಾರಿಯೂ ಒಂದೇ ಕಡೆ ಸೇರಿದವು. ಸೇರದಿದ್ದರೆ ಎಲ್ಲೋ ಒಂದು ಬಡ್ತಿ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಿದ್ದಿದೆ ಅಂತ ಅರ್ಥ. ಸೇವಾ ಪುಸ್ತಕದಲ್ಲಿ ಬರೆಯುವುದು ಮೊದಲನೆಯ ದಾರಿ, ಎರಡನೆಯದು ಪಕ್ಕದ ಹಾಳೆಯಲ್ಲಿ ತಾಳೆಗೆ ಮಾತ್ರ.

ತಪ್ಪು ಎಲ್ಲಿ ಆಗುತ್ತದೆ ಅಂದರೆ, ಹೆಚ್ಚಾಗಿ 27.5% ಹಾಕುವಾಗ. ಬೇರೆ ಕಚೇರಿಯ ಒಬ್ಬರು ತಾಳೆ ನೋಡಿ ಅಂತ ಕಳಿಸಿದ ಹಾಳೆಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, ಆ ಮೊತ್ತದ ಮೇಲೆ 27.5% ಹಾಕಿದ್ದರು. 31,100ಕ್ಕೆ ಹಾಗೆ ಮಾಡಿದರೆ 40,741ರ ಮೇಲೆ ಲೆಕ್ಕ ಬಂದು ಸುಮಾರು 51,945 ಆಗುತ್ತದೆ. ನಿಗದಿ 52,800. ಎರಡು ಮೆಟ್ಟಿಲು ಜಾಸ್ತಿ. ಕೆಲವು ವರ್ಷ ಬಿಟ್ಟು ಆಡಿಟ್‌ನವರು ಹಿಡಿದರೆ ವಸೂಲಿ. ಇನ್ನೊಂದು ತಪ್ಪು, 2023ರ ಏಪ್ರಿಲ್‌ನಿಂದ ಬರುತ್ತಿದ್ದ 17% ಮಧ್ಯಂತರ ಪರಿಹಾರವನ್ನೂ ಕೂಡಿಸುವುದು. ಅದು 2022ರ ಜುಲೈನಲ್ಲಿ ಇರಲೇ ಇಲ್ಲ, ಹೊಸ ವೇತನ ಬಂದ ಕೂಡಲೇ ಅದರಲ್ಲಿ ಕರಗಿಹೋಗುತ್ತದೆ. ಮೊದಲೇ ಹೇಳಿದ ಮೆಟ್ಟಿಲ ಎಣಿಕೆ ಮಾಡಿ ನೋಡಿದರೆ ಇವೆರಡೂ ತಕ್ಷಣ ಸಿಕ್ಕಿಬೀಳುತ್ತವೆ.

ಆಗಸ್ಟ್ ಸಂಬಳದ ಚೀಟಿ ಬಂದಾಗ ಆ ಸಹಾಯಕರೇ ಬಂದು ಕೇಳಿದರು: "ಮೇಡಂ, ತುಟ್ಟಿಭತ್ಯೆ 42.5% ಇತ್ತು. ಈಗ 8.5% ಅಂತ ಇದೆ. ಕಟ್ ಮಾಡಿಬಿಟ್ರಾ?" ಕಟ್ ಮಾಡಿಲ್ಲ. 42.5ರಲ್ಲಿ 31 ಮೂಲ ವೇತನದ ಒಳಗೆ ಹೋಗಿದೆ. ಉಳಿದ 11.5 ಹಳೆಯ ಮೂಲ ವೇತನದ ಮೇಲಿನ ಅಂಕಿ. ಈಗ ತಳಹದಿ ದೊಡ್ಡದಾಗಿರುವುದರಿಂದ ಅದೇ ಬೆಲೆ ಏರಿಕೆ ಚಿಕ್ಕ ಶೇಕಡಾವಾರಾಗಿ ಕಾಣುತ್ತದೆ.

ಚೀಟಿಗಳನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಜುಲೈನಲ್ಲಿ ಮೂಲ ವೇತನ 32,600, ಮಧ್ಯಂತರ ಪರಿಹಾರ 5,542, ತುಟ್ಟಿಭತ್ಯೆ 13,855, ನಮ್ಮಂಥ ಸಣ್ಣ ಊರಿನ 8% ಮನೆ ಬಾಡಿಗೆ ಭತ್ಯೆ 2,608. ಒಟ್ಟು 54,605. ಆಗಸ್ಟ್‌ನಲ್ಲಿ ಮೂಲ ವೇತನ 52,800, ತುಟ್ಟಿಭತ್ಯೆ 4,488, ಮನೆ ಬಾಡಿಗೆ 7.5% ಅಂದರೆ 3,960. ಒಟ್ಟು 61,248. ವ್ಯತ್ಯಾಸ 6,643, ಸುಮಾರು 12%. ಕಡಿತಗಳು ಬೇರೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು. 58.5 ಅಂತ ಕೇಳಿ ಬಂದವರಿಗೆ 12 ಕಂಡರೆ ಆಗುವುದೇ ಅಲ್ವಾ? ಆದರೆ ಏರಿಕೆಯ ದೊಡ್ಡ ಭಾಗ ಮಧ್ಯಂತರ ಪರಿಹಾರದ ರೂಪದಲ್ಲಿ ಒಂದೂಕಾಲು ವರ್ಷದಿಂದ ಅವರ ಖಾತೆಗೆ ಬರುತ್ತಲೇ ಇತ್ತು.

ಈ ಲೆಕ್ಕ ಇಷ್ಟು ಸಲೀಸಾಗಿ ಹೋಗುವುದು ನಡುವೆ ಪದೋನ್ನತಿ ಇಲ್ಲದವರಿಗೆ. 2022ರ ಜುಲೈ ಮತ್ತು 2024ರ ಆಗಸ್ಟ್ ನಡುವೆ ಯಾರಿಗಾದರೂ ಪದೋನ್ನತಿ ಅಥವಾ ಕಾಲಮಿತಿ ಬಡ್ತಿ ಸಿಕ್ಕಿದ್ದರೆ ಈಗಿನ ಮೂಲ ವೇತನವನ್ನು 1.585ರಿಂದ ಗುಣಿಸಿ ನಿಗದಿ ಮಾಡಬೇಡಿ. ಮೊದಲು ಜುಲೈ 1ರ ಹಳೆಯ ಹುದ್ದೆಯ ವೇತನವನ್ನು ಹೊಸ ಶ್ರೇಣಿಗೆ ತನ್ನಿ. ಪದೋನ್ನತಿಯ ದಿನದವರೆಗಿನ ವಾರ್ಷಿಕ ಬಡ್ತಿಗಳನ್ನು ಹಾಕಿ. ಆಮೇಲೆ ಆ ದಿನಾಂಕದಂದು, ಹೊಸ ಶ್ರೇಣಿಯಲ್ಲೇ, ಪದೋನ್ನತಿಯ ನಿಗದಿಯನ್ನು ಮತ್ತೆ ಮಾಡಿ. ನಾನು ಇಂಥ ಪ್ರಕರಣಗಳನ್ನು ಬೇರೆ ಕಟ್ಟಿನಲ್ಲಿಟ್ಟು, ಒಂದೊಂದು ದಿನಾಂಕಕ್ಕೆ ಒಂದೊಂದು ಸಾಲು ಬರೆದು, ಪದೋನ್ನತಿ ಆದೇಶದ ನಕಲು ಲಗತ್ತಿಸಿದ ಮೇಲೆಯೇ ಸಾಹೇಬರ ಸಹಿಗೆ ಇಟ್ಟದ್ದು.